ಮೂವತ್ತರ ಒಳಗೆ ಅಂದರೆ ಮೂವತ್ತು ಸೇರಿತಾ?

(ಟೆಂಡರ್ ಕಾಗದಗಳನ್ನು ಇಂಗ್ಲಿಷಿನಿಂದ ಬಂಗಾಳಿಗೆ ತರುವ ಕೆಲಸದ ಬಗ್ಗೆ ಬೆಂಗಳೂರಿನಲ್ಲಿ ಅನುವಾದಕರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಬಂಗಾಳಿ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ.)

ಮೊದಲು ಕನ್ನಡದ್ದೇ ಒಂದು ಪ್ರಶ್ನೆ ಕೇಳ್ತೀನಿ. ಶಾಲೆಯಿಂದ ಚೀಟಿ ಬಂತು ಅಂದುಕೊಳ್ಳಿ. "ಫೀಸನ್ನು 30ನೇ ತಾರೀಕಿನ ಒಳಗೆ ಕಟ್ಟಬೇಕು." ನೀವು 30ನೇ ತಾರೀಕು ಬೆಳಿಗ್ಗೆ ಹೋದಿರಿ. ಕಟ್ಟಿಸಿಕೊಳ್ಳಬೇಕಾ, ಬೇಡವಾ? ಕಟ್ಟಿಸಿಕೊಳ್ಳಬೇಕು ಅನ್ನುವವರು ಕೈ ಎತ್ತಿ.

ನೋಡಿ, ಸುಮಾರು ಮುಕ್ಕಾಲು ಭಾಗ ಕೈ ಎತ್ತಿದ್ದೀರಿ. ಉಳಿದ ಕಾಲು ಭಾಗದವರೂ ಕನ್ನಡಿಗರೇ. ಅವರೂ ದಿನಾ ಇದೇ ಭಾಷೆ ಆಡೋದು. ಶಾಲೆಯ ಫೀಸಾದರೆ ಗುಮಾಸ್ತರು ಗೊಣಗುತ್ತಾ ಕಟ್ಟಿಸಿಕೊಳ್ತಾರೆ. ಟೆಂಡರ್ ಆದರೆ ಹಾಗೆ ಗೊಣಗಿ ಕಟ್ಟಿಸಿಕೊಳ್ಳುವವರು ಯಾರೂ ಇರೋದಿಲ್ಲ. ಪೋರ್ಟಲ್ ಮುಚ್ಚಿರುತ್ತೆ, ಅಷ್ಟೇ.

ಬಂಗಾಳಿಯಲ್ಲಿ ನಮ್ಮ "ಒಳಗೆ"ಗೆ ಸಮನಾದ ಮಾತು "ಮೊಧ್ಯೆ". ತ್ರಿಶ್ ತಾರಿಖೇರ್ ಮೊಧ್ಯೆ, ಅಂದರೆ ಮೂವತ್ತನೇ ತಾರೀಕಿನ ಒಳಗೆ. ನಮ್ಮ ಗೊಂದಲವೇ ಅಲ್ಲೂ ಇದೆ. ಅದರ ಪಕ್ಕದಲ್ಲಿ "ಪೊರ್ಜೊಂತೊ" ಅನ್ನುವ ಇನ್ನೊಂದು ಮಾತಿದೆ. ಅದು ನಮ್ಮ "ಪರ್ಯಂತ". ಮೂವತ್ತನೇ ತಾರೀಕಿನವರೆಗೆ ಅಂತ ಅರ್ಥ, ಮೂವತ್ತೂ ಸೇರಿತು. ಮೂರನೆಯದು "ಆಗೆ", ಅಂದರೆ ಮುಂಚೆ. ಅದರಲ್ಲಿ ಮೂವತ್ತು ಸೇರೋದಿಲ್ಲ. ಇಂಗ್ಲಿಷಿನಲ್ಲಿ "ಬೈ 30 ಜೂನ್" ಅಂತ ಎರಡಕ್ಷರದ ಒಂದು ಪದ ಇರುತ್ತೆ. ಅದನ್ನು ನೋಡಿದ ಅನುವಾದಕ ಕಣ್ಣು ಮುಚ್ಚಿಕೊಂಡು "ಮೊಧ್ಯೆ" ಹಾಕುತ್ತಾನೆ. ತಪ್ಪೇನಲ್ಲ. ಆದರೆ ಗೆರೆ ಎಲ್ಲಿದೆ ಅನ್ನೋದನ್ನು ಓದುವವರ ಅಂದಾಜಿಗೆ ಬಿಟ್ಟ ಹಾಗಾಯಿತು.

ನಾನು ಬೆಳೆದದ್ದು ಖರಗ್‌ಪುರದಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ತೆಲುಗು, ಹಿಂದಿ. ಆಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ಟೆಂಡರ್ ಕಾಗದಗಳ ಅನುವಾದ, ಇಂಗ್ಲಿಷಿನಿಂದ ಬಂಗಾಳಿಗೆ. ಕಥೆ, ಕವಿತೆ ಅನುವಾದ ಮಾಡುವವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನನ್ನ ಕೆಲಸದಲ್ಲಿ ಸೊಗಸು ಏನೂ ಇಲ್ಲ. ಒಂದು ಗೆರೆ ಇರುತ್ತೆ. ಆ ಗೆರೆಯ ಈಚೆ ಇರುವವನು ಈಚೆಯೇ ಇರಬೇಕು, ಆಚೆ ಇರುವವನು ಆಚೆಯೇ. ನಾನು ಗೆರೆಯನ್ನು ಒಂದು ಕೂದಲಿನಷ್ಟೂ ಸರಿಸಬಾರದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಬಂಗಾಳಿ ಒಂದೇ ಭಾಷೆ, ಆದರೆ ಈ ಕೆಲಸದಲ್ಲಿ ಅದಕ್ಕೆ ಎರಡು ಮನೆ. ಬಾಂಗ್ಲಾದೇಶದಲ್ಲಿ ಕಾಯ್ದೆ ಹುಟ್ಟೋದೇ ಬಂಗಾಳಿಯಲ್ಲಿ. ಅಲ್ಲಿನ ಎಷ್ಟೋ ಕಾಯ್ದೆಗಳ ಕೊನೆಯಲ್ಲಿ, ಇಂಗ್ಲಿಷ್ ಪಾಠಕ್ಕೂ ಬಂಗಾಳಿ ಪಾಠಕ್ಕೂ ವಿರೋಧ ಬಂದರೆ ಬಂಗಾಳಿಯದೇ ಮೇಲು ಅಂತ ಬರೆದಿರುತ್ತೆ. ಪಶ್ಚಿಮ ಬಂಗಾಳದಲ್ಲಿ ನನ್ನ ಕೈಗೆ ಬರುವ ಕಾಗದಗಳಲ್ಲಿ ಇದು ತಲೆಕೆಳಗು. ಮೂಲ ಇಂಗ್ಲಿಷ್. ಬಂಗಾಳಿ ಪಾಠದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ವಿವಾದ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ" ಅಂತ ಇರುತ್ತೆ. ಕಚೇರಿಯವರಿಗೆ ಆ ಸಾಲು ದೊಡ್ಡ ಧೈರ್ಯ. ನನಗೆ ಅದನ್ನು ಕಂಡರೆ ಆಗೋದಿಲ್ಲ. ಬಂಗಾಳಿ ಪಾಠ ಓದಿ ದಿನ ಲೆಕ್ಕ ಹಾಕಿದ ಸಣ್ಣ ಗುತ್ತಿಗೆದಾರನಿಗೆ ಆ ಸಾಲು ಏನು ಹೇಳುತ್ತೆ? "ನೀನು ಓದಿದ್ದು ಸುಮ್ನೆ" ಅಂತ, ಅಲ್ವಾ?

ಈಗ ಅರ್ಹತೆಯ ವಿಷಯ. ಇಲ್ಲಿ ಒಂದು ಹಳೇ ಮೊಕದ್ದಮೆ ನೆನಪು ಮಾಡಿಕೊಳ್ಳಬೇಕು. 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು. ರಮಣ ದಯಾರಾಮ ಶೆಟ್ಟಿ ವಿರುದ್ಧ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ರೆಸ್ಟೋರೆಂಟು, ಎರಡು ತಿಂಡಿ ಅಂಗಡಿ ನಡೆಸಲು ಟೆಂಡರ್ ಕರೆದಿದ್ದರು. ಕನಿಷ್ಠ 5 ವರ್ಷ ಅನುಭವ ಇರುವ, ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಮಾತ್ರ ಹಾಕಬಹುದು ಅಂತ ನೋಟೀಸು. ಗುತ್ತಿಗೆ ಸಿಕ್ಕಿದ್ದು ಕ್ಯಾಂಟೀನು ನಡೆಸಿ ಅನುಭವ ಇದ್ದವರಿಗೆ. ಕೋರ್ಟಿಗೆ ಹೋದ ಶೆಟ್ಟರು ಟೆಂಡರ್ ಹಾಕಿದವರೇ ಅಲ್ಲ. ಅವರ ವಾದ ಏನು ಗೊತ್ತಾ? "ಈ ಅರ್ಹತೆ ನನಗೂ ಇರಲಿಲ್ಲ. ಆದ್ದರಿಂದ ಹಾಕಲಿಲ್ಲ. ಅದನ್ನು ಸಡಿಲ ಮಾಡ್ತಾರೆ ಅಂತ ಗೊತ್ತಿದ್ದರೆ ನಾನೂ ಹಾಕ್ತಿದ್ದೆ." ಪ್ರಾಧಿಕಾರ ತಾನೇ ಇಟ್ಟ ಅಳತೆಗೆ ತಾನು ಬದ್ಧ ಅಂತ ಕೋರ್ಟ್ ಹೇಳಿತು. ತಡವಾಗಿ ಬಂದರು ಅನ್ನುವುದೂ ಸೇರಿದಂತೆ ಬೇರೆ ಕಾರಣಗಳಿಗೆ ಆ ಗುತ್ತಿಗೆಯನ್ನು ಮಾತ್ರ ರದ್ದು ಮಾಡಲಿಲ್ಲ.

ನೋಟೀಸು ಓದಿ ಮನೆಯಲ್ಲೇ ಕೂತವನ ನಷ್ಟವೂ ನಷ್ಟವೇ ಅನ್ನೋದು ಆ ಮೊಕದ್ದಮೆಯಲ್ಲಿ ನನಗೆ ಮುಖ್ಯ. ಅನುವಾದದಲ್ಲಿ ಗೆರೆ ಎರಡು ಕಡೆಗೆ ಸರಿಯಬಹುದು. ಸಡಿಲವಾದರೆ ಅರ್ಹನಲ್ಲದವನು ಬಂದು ಟೆಂಡರ್ ಹಾಕ್ತಾನೆ, ತಿರಸ್ಕಾರ ಆಗುತ್ತೆ, ಅವನು ಬಂದು ಮೇಜು ಗುದ್ದುತ್ತಾನೆ. ತಪ್ಪು ಗೊತ್ತಾಗುತ್ತೆ. ಬಿಗಿಯಾದರೆ ಅರ್ಹನಾದವನು "ಇದು ನನಗಲ್ಲ" ಅಂತ ಕಾಗದ ಮಡಿಚಿ ಇಡ್ತಾನೆ. ಯಾರೂ ಬರೋದಿಲ್ಲ, ಯಾರೂ ಕೂಗೋದಿಲ್ಲ. ನನ್ನ ಅನುವಾದ ಸರಿಯಾಗಿದೆ ಅಂತಲೇ ನಾನು ಇದ್ದುಬಿಡ್ತೀನಿ. ಎರಡನೇ ತಪ್ಪಿಗೆ ನಾನು ಜಾಸ್ತಿ ಹೆದರೋದು ಅದಕ್ಕೇ.

ಒಂದು ನೋಟೀಸನ್ನೇ ತೆಗೆದುಕೊಳ್ಳೋಣ. ಇದು ನಾನು ಪಾಠಕ್ಕೆಂದು ಕಟ್ಟಿದ ಮಾದರಿ, ಆದರೆ ಒಳಗಿನ ಷರತ್ತುಗಳು ನಿಜವಾದವು. 2025ರ ಜೂನ್ 9ಕ್ಕೆ ಕರೆದ ಟೆಂಡರ್. ಒಂದು ಚರಂಡಿ, ಎರಡು ಮೋರಿ. ಅಂದಾಜು ವೆಚ್ಚ 40 ಲಕ್ಷ ರೂಪಾಯಿ. ಬಿಡ್ ಸಲ್ಲಿಸಲು ಕೊನೆಯ ಗಳಿಗೆ ಜೂನ್ 30ರ ಮಧ್ಯಾಹ್ನ 2 ಗಂಟೆ.

ಅನುಭವದ ಷರತ್ತು ಕೇಂದ್ರ ಜಾಗೃತ ಆಯೋಗ 2002ರಲ್ಲಿ ಹೇಳಿದ ಮಾದರಿಯದು. ಎಷ್ಟೋ ಟೆಂಡರುಗಳಲ್ಲಿ ಇದನ್ನು ನೋಡಿರುತ್ತೀರಿ. ಟೆಂಡರ್ ಕರೆದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನಕ್ಕೆ ಮುಗಿಯುವ 7 ವರ್ಷಗಳಲ್ಲಿ, ಇದೇ ಬಗೆಯ ಕೆಲಸಗಳನ್ನು ಯಶಸ್ವಿಯಾಗಿ ಮುಗಿಸಿರಬೇಕು. ಅಂದಾಜು ವೆಚ್ಚದ ಶೇಕಡ 40ಕ್ಕೆ ಕಡಿಮೆ ಇಲ್ಲದ ಮೂರು ಕೆಲಸ, ಅಥವಾ ಶೇಕಡ 50ಕ್ಕೆ ಕಡಿಮೆ ಇಲ್ಲದ ಎರಡು, ಅಥವಾ ಶೇಕಡ 80ಕ್ಕೆ ಕಡಿಮೆ ಇಲ್ಲದ ಒಂದು. ನಮ್ಮ 40 ಲಕ್ಷಕ್ಕೆ ಲೆಕ್ಕ ಹಾಕಿದರೆ ತಲಾ 16 ಲಕ್ಷದ ಮೂರು, ತಲಾ 20 ಲಕ್ಷದ ಎರಡು, ಇಲ್ಲವೇ 32 ಲಕ್ಷದ ಒಂದು.

ಮೊದಲ ಮೋಸ 7 ವರ್ಷದ್ದು. ಇಂಗ್ಲಿಷಿನ ಆ ಉದ್ದನೆಯ ಬಾಲ ಅನುವಾದಕನಿಗೆ ಕಿರಿಕಿರಿ. ಬಂಗಾಳಿಯಲ್ಲಿ "ಗೊತೊ ಶಾತ್ ಬೊಛೊರೇ" ಅಂದರೆ ಸಾಕು, ಕಿವಿಗೆ ಹಿತವಾಗಿರುತ್ತೆ. ಕಳೆದ ಏಳು ವರ್ಷದಲ್ಲಿ ಅಂತ. ಆದರೆ ಯಾವತ್ತಿನಿಂದ ಹಿಂದಕ್ಕೆ? ಟೆಂಡರ್ ಜೂನಿನಲ್ಲಿ ಕರೆದದ್ದು. ಹಿಂದಿನ ತಿಂಗಳ ಕೊನೆಯ ದಿನ 2025ರ ಮೇ 31. ಕಿಟಕಿ ತೆರೆಯೋದು 2018ರ ಜೂನ್ 1ಕ್ಕೆ. ಜೂನ್ 3ಕ್ಕೆ ಕೆಲಸ ಮುಗಿಸಿ, ಪೂರ್ಣತೆಯ ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಜೂನ್ 25ಕ್ಕೆ ಬಿಡ್ ಹಾಕಿದವನನ್ನು ನೋಡಿ. ಅವನ ಬಂಗಾಳಿ ಕಾಗದದ ಪ್ರಕಾರ ಆ ಕೆಲಸ ಕಳೆದ ಏಳು ವರ್ಷದ್ದೇ. ಇಂಗ್ಲಿಷ್ ಕಾಗದದ ಪ್ರಕಾರ ಅದು ಕಿಟಕಿಯ ಹೊರಗೆ. ಮೂರು ದಿನದ ವ್ಯತ್ಯಾಸ, ಟೆಂಡರ್ ತಿರಸ್ಕಾರ.

ಆದ್ದರಿಂದ ಬಂಗಾಳಿಯ "ಯಾವುದೋ ಅದು" ಅನ್ನುವ ಕಟ್ಟನ್ನು ಬಳಸಲೇಬೇಕು. "ಜೇ ಮಾಶೇ... ತಾರ್ ಆಗೇರ್ ಮಾಶೇರ್ ಶೇಶ್ ದಿನ್." ಯಾವ ತಿಂಗಳಲ್ಲಿ ಟೆಂಡರ್ ಕರೆದಿದೆಯೋ ಅದರ ಹಿಂದಿನ ತಿಂಗಳ ಕೊನೆಯ ದಿನ. ಬಂಗಾಳಿಗೆ ಈ ಕಟ್ಟು ಸಹಜ, ನಮಗೂ ಸಹಜ. ಅಷ್ಟೇ ಸಾಲದು. ಕಚೇರಿಯವರನ್ನು ಕೇಳಿ, ಅವರು ಬರವಣಿಗೆಯಲ್ಲಿ ಒಪ್ಪಿದರೆ ಎರಡೂ ಪಾಠಗಳಲ್ಲಿ ತಾರೀಕನ್ನೇ ಸೇರಿಸಿ: 2018ರ ಜೂನ್ 1ರಿಂದ 2025ರ ಮೇ 31ರವರೆಗೆ, ಎರಡೂ ದಿನ ಸೇರಿ. ಬಂಗಾಳಿಯಲ್ಲಿ ಮಾತ್ರ ಸೇರಿಸಬೇಡಿ. ಅನುವಾದಕ ಲೆಕ್ಕ ಹಾಕಿ ತುಂಬಿದ ತಾರೀಕು ಅಂದರೆ ಅನುವಾದಕ ನಿಯಮ ಬರೆದ ಹಾಗೆ. ಅದು ನಮ್ಮ ಕೆಲಸ ಅಲ್ಲ.

ಎರಡನೆಯದು "ಮುಗಿಸಿರಬೇಕು" ಅನ್ನೋದು. ಬಂಗಾಳಿಯಲ್ಲಿ "ಕಾಜ್ ಕೊರೆಛೆನ್" ಅಂದರೆ ಕೆಲಸ ಮಾಡಿದ್ದಾರೆ. ಅರ್ಧ ಮಾಡಿದವನೂ ಕೆಲಸ ಮಾಡಿದವನೇ. "ಕಾಜ್ ಶೇಶ್ ಕೊರೆಛೆನ್" ಅಂದಾಗ ಮಾತ್ರ ಕೆಲಸ ಮುಗಿದಿದೆ. ಒಂದೇ ಒಂದು "ಶೇಶ್" ಬಿಟ್ಟರೆ, ಇನ್ನೂ ಸಿಮೆಂಟು ಕಲಸುತ್ತಿರುವವನೂ ಒಳಗೆ ಬಂದ.

ಮೂರನೆಯದು "ತಲಾ". ಕನ್ನಡದಲ್ಲಿ ಈ ಪುಟ್ಟ ಪದ ಇರೋದು ನಮ್ಮ ಪುಣ್ಯ. ಬಂಗಾಳಿಯಲ್ಲಿ "ಪ್ರೊತಿಟಿ" ಅಂತ ಕಷ್ಟಪಟ್ಟು ಹಾಕಬೇಕು. ಬಿಟ್ಟರೆ "16 ಲಕ್ಷದ ಮೂರು ಕೆಲಸ" ಅನ್ನೋದನ್ನು ಮೂರೂ ಸೇರಿ 16 ಲಕ್ಷ ಅಂತ ಓದಬಹುದು. ಹಾಗೆ ಓದಿ ಬಿಡ್ ಹಾಕಿದವರನ್ನು ನಾನೇ ನೋಡಿದ್ದೇನೆ. ಅವರು ಪೆದ್ದರಲ್ಲ. ಕಾಗದದಲ್ಲಿ ಹಾಗೂ ಓದಬಹುದಿತ್ತು.

"ಇದೇ ಬಗೆಯ ಕೆಲಸ" ಅನ್ನೋದರಲ್ಲಿ ಗೆರೆ ಬಿಗಿಯಾಗುವ ಅಪಾಯ. "ಎಕೊಇ ಧೊರೊನೇರ್ ಕಾಜ್" ಅಂದರೆ ಇದೇ ಬಗೆಯದು. ಅವಸರದಲ್ಲಿ "ಎಕೊಇ ಕಾಜ್" ಅಂತ ಬರೆದರೆ ಇದೇ ಕೆಲಸ ಅಂತಾಯಿತು. ಮೋರಿ ಕಟ್ಟಿದ, ಆದರೆ ಚರಂಡಿ ಮಾಡದ ಗುತ್ತಿಗೆದಾರ ಅದನ್ನು ಓದಿ ಮನೆಯಲ್ಲೇ ಉಳಿದ. ನಾನು ಹೇಳಿದ ಸದ್ದಿಲ್ಲದ ತಪ್ಪು ಇದು.

ಈಗ "ಕಡಿಮೆ ಇಲ್ಲದ". ಬಂಗಾಳಿಯ ಕಾನೂನು ಭಾಷೆಗೆ ಇಲ್ಲಿ ಮೂರು ಸಂಸ್ಕೃತ ಪದ ಇಷ್ಟ. ಬರೆಯೋದು ಅನ್ಯೂನ, ಅನಧಿಕ, ಅನೂರ್ಧ್ವ. ಅನ್ಯೂನ ಅಂದರೆ ಇಷ್ಟಕ್ಕೆ ಕಡಿಮೆ ಇಲ್ಲದ. ಉಳಿದೆರಡೂ ಇಷ್ಟಕ್ಕೆ ಮೀರದ. ಮೂರೂ "ಅನ್"ನಿಂದಲೇ ಶುರು. ರಾತ್ರಿ ಲಾಟೀನು ಬೆಳಕಲ್ಲಿ ಓದಿದವನು ಅನೂರ್ಧ್ವದಲ್ಲಿ "ಊರ್ಧ್ವ" ಮಾತ್ರ ನೋಡ್ತಾನೆ, ಮೇಲೆ ಅಂತ ತಿಳೀತಾನೆ. ಗೆರೆ ಸರಿಯೋದಿರಲಿ, ತಲೆಕೆಳಗೇ ಆಯಿತು. ಹಾಗಾಗಿ ನಾನು "ಕೊಮ್‌ಪೊಕ್ಖೆ" ಬಳಸ್ತೀನಿ. ಕಮ್ಮಿ ಅಂದರೂ ಇಷ್ಟು ಅಂತ. ಮೀನು ಮಾರುವವರೂ ಆಡುವ ಮಾತು. ಕೆಲವು ಹಿರಿಯ ಅಧಿಕಾರಿಗಳಿಗೆ ಅದು ಹಗುರ ಅನ್ನಿಸುತ್ತೆ, ತಿದ್ದಿ "ಅನ್ಯೂನ" ಮಾಡ್ತಾರೆ. ಅರ್ಥ ಕೆಡೋದಿಲ್ಲ, ಸುಮ್ಮನಿರ್ತೀನಿ. "16 ಲಕ್ಷಕ್ಕಿಂತ ಬೇಶಿ", ಅಂದರೆ ಜಾಸ್ತಿ, ಅಂತ ತಿದ್ದಿದರೆ ಮಾತ್ರ ಜಗಳ ಆಡ್ತೀನಿ. ಸರಿಯಾಗಿ 16 ಲಕ್ಷದ ಕೆಲಸ ಮಾಡಿದವನು ಅಲ್ಲಿಗೆ ಹೊರಗಾದ.

ವಹಿವಾಟಿನ ಷರತ್ತು ಹೀಗಿದೆ: ಹಿಂದಿನ ಆರ್ಥಿಕ ವರ್ಷದ ಮಾರ್ಚ್ 31ಕ್ಕೆ ಮುಗಿಯುವ 3 ವರ್ಷಗಳ ಸರಾಸರಿ ವಾರ್ಷಿಕ ವಹಿವಾಟು ಅಂದಾಜು ವೆಚ್ಚದ ಕನಿಷ್ಠ ಶೇಕಡ 30 ಇರಬೇಕು. ಅಂದರೆ 12 ಲಕ್ಷ. ಒಬ್ಬನ ವಹಿವಾಟು 5 ಲಕ್ಷ, 9 ಲಕ್ಷ, 22 ಲಕ್ಷ ಅಂದುಕೊಳ್ಳಿ. ಕೂಡಿಸಿದರೆ 36, ಸರಾಸರಿ ಸರಿಯಾಗಿ 12. ಅವನು ಅರ್ಹ. ಸರಾಸರಿಗೆ ಬಂಗಾಳಿಯಲ್ಲಿ "ಗೊಡ್". ಅದು ಬಿಟ್ಟುಹೋಗಿ "ಮೂರು ವರ್ಷಗಳ ವಾರ್ಷಿಕ ವಹಿವಾಟು 12 ಲಕ್ಷ" ಅಂತಾದರೆ ಪ್ರತಿ ವರ್ಷವೂ 12 ಬೇಕು ಅಂತ ಓದ್ತಾರೆ. ಅದೇ ಮನುಷ್ಯ ಎರಡು ವರ್ಷಗಳಲ್ಲಿ ಫೇಲು.

ಇಲ್ಲೇ ಇನ್ನೊಂದು ಸಣ್ಣ ಗುಂಡಿ. ಕೋಲ್ಕತ್ತದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಢಾಕಾದ್ದು ಜುಲೈಯಿಂದ ಜೂನ್. ಬಂಗಾಳಿಯಲ್ಲಿ ಕೆಲಸ ಮಾಡುವ ಏಜೆನ್ಸಿಗಳು ಒಮ್ಮೊಮ್ಮೆ ಆಚೆ ಕಡೆಯ ಹಳೇ ಕಾಗದದಿಂದ ಸಾಲು ಎತ್ತಿ ಇಲ್ಲಿ ಹಾಕ್ತಾರೆ. ಮಾರ್ಚ್ 31 ಅಂತ ಬರೆದಿದ್ದರೆ ತೊಂದರೆ ಇಲ್ಲ. "ಹಿಂದಿನ ಆರ್ಥಿಕ ವರ್ಷದ ಕೊನೆಗೆ" ಅಂತ ಮೊಟಕು ಮಾಡಿದ್ದರೆ ಮೂರು ತಿಂಗಳು ಸರಿಯಿತು.

ಠೇವಣಿಗೆ ಬರೋಣ. ಬಿಡ್ ಹಾಕುವಾಗ ಕಟ್ಟೋದು ಇಎಂಡಿ. ಗೆದ್ದ ಮೇಲೆ ಕೆಲಸ ಸರಿಯಾಗಿ ಮಾಡ್ತೀನಿ ಅಂತ ಕೊಡೋದು ಭದ್ರತಾ ಠೇವಣಿ. ಬಂಗಾಳಿಯಲ್ಲಿ ಎರಡಕ್ಕೂ ಜನ ಹೇಳೋದು "ಜಾಮಾನೊತ್". ಒಂದೇ ಪುಟದಲ್ಲಿ ಎರಡು ಜಾಮಾನೊತ್ ಬಂದರೆ ಯಾವುದು ಯಾವಾಗ ಅಂತ ತಿಳಿಯೋದಿಲ್ಲ. ಮೊದಲನೆಯದಕ್ಕೆ "ಬಾಯ್ನಾ"ದ ಹಣ ಅಂತ ಬೇರೆ ಹೆಸರು ಇಡ್ತೀನಿ. ಜಮೀನು ವ್ಯಾಪಾರದ ಅಡ್ವಾನ್ಸಿಗೂ ಅಲ್ಲಿ ಅದೇ ಮಾತು, ಹಾಗಾಗಿ ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಇಎಂಡಿ ಅಂತಲೂ ಹಾಕ್ತೀನಿ, ಬ್ಯಾಂಕಿನವರು ಕೇಳೋದು ಅದನ್ನೇ.

ನಮ್ಮ ನೋಟೀಸಿನಲ್ಲಿ ಇಎಂಡಿಯನ್ನು ಬ್ಯಾಂಕ್ ಗ್ಯಾರಂಟಿಯಾಗಿ ಕೊಡಬಹುದು. ಬಿಡ್ ಸಲ್ಲಿಸುವ ಕೊನೆಯ ದಿನದಿಂದ 120 ದಿನ ಬಿಡ್ ಊರ್ಜಿತ. ಗ್ಯಾರಂಟಿ ಆ ಅವಧಿ ಮುಗಿದ ಮೇಲೂ 45 ದಿನ ಊರ್ಜಿತವಾಗಿರಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೂ ಈ 45 ದಿನದ ಮಾತು ಇದೆ. ಲೆಕ್ಕ ಹಾಕಿ. ಜೂನ್ 30 ಬಿಟ್ಟು ಎಣಿಸಿದರೆ 120ನೇ ದಿನ ಅಕ್ಟೋಬರ್ 28. ಅಲ್ಲಿಂದ ಇನ್ನೂ 45, ಡಿಸೆಂಬರ್ 12. ಬಂಗಾಳಿಯಲ್ಲಿ "ಗ್ಯಾರಂಟಿ 45 ದಿನ ಊರ್ಜಿತವಾಗಿರಬೇಕು" ಅಂತ ಮಾತ್ರ ಉಳಿದರೆ? ಗುತ್ತಿಗೆದಾರ ಬ್ಯಾಂಕಿಗೆ ಹೋಗಿ ಆಗಸ್ಟ್ 14ರವರೆಗೆ ಮಾಡಿಸಿಕೊಂಡು ಬರ್ತಾನೆ. ಡಿಸೆಂಬರ್ 12 ಬೇಕಾದಲ್ಲಿ ಆಗಸ್ಟ್ 14. ಅನುಭವ, ವಹಿವಾಟು ಎಲ್ಲ ಸರಿಯಿದ್ದು ಅವನು ಬಿದ್ದುಹೋಗೋದು ಇಲ್ಲಿ. ಬಿಟ್ಟುಹೋದದ್ದು "ಶೇಶ್ ಹೋಬಾರ್ ಪೊರೇಓ ಆರೋ", ಅಂದರೆ ಮುಗಿದ ಮೇಲೂ ಇನ್ನೂ, ಅಷ್ಟೇ.

"ಜೂನ್ 30 ಬಿಟ್ಟು" ಅಂದೆನಲ್ಲ, ಅದು ನನ್ನ ಮನಸ್ಸಿಗೆ ಬಂದದ್ದಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 9ನೇ ಕಲಂ ಪ್ರಕಾರ ಕಾನೂನಿನಲ್ಲಿ "ಇಂದ" ಅಂದರೆ ಮೊದಲ ದಿನ ಬಿಟ್ಟು, "ವರೆಗೆ" ಅಂದರೆ ಕೊನೆಯ ದಿನ ಸೇರಿ. ಈ ಕಾಯ್ದೆ ಬಾಂಗ್ಲಾದೇಶದಲ್ಲೂ ಇದೆ. ಅದು ಕಾಯ್ದೆಗಳನ್ನು ಓದುವ ರೀತಿಗೆ ಹೇಳಿದ್ದು. ನೋಟೀಸು ಕಾಯ್ದೆಯಲ್ಲ. ಎಣಿಸುವ ವಾಡಿಕೆ ಅದೇ ಆದರೂ, ಓದುವವನಿಗೆ ಅದು ಗೊತ್ತಿರಬೇಕಲ್ಲ? ಅದಕ್ಕೇ ನಾನು ಕಚೇರಿಯವರನ್ನು ಕೊನೆಯ ತಾರೀಕು ಬರೆಸಿ ಅಂತ ಪೀಡಿಸೋದು.

ಇನ್ನು ಅಂಕಿಗಳು. ಇದರಲ್ಲಿ ನನ್ನದೇ ಒಂದು ಗಾಯ ಇದೆ. ಬಂಗಾಳಿಯ ನಾಲ್ಕು ನೋಡೋಕೆ ಥೇಟ್ 8ರ ಹಾಗೆ. ಏಳು ನೋಡೋಕೆ 9ರ ಹಾಗೆ. (ಬೋರ್ಡಿನ ಮೇಲೆ ಬರೆದಾಗ ಸಭೆಯಲ್ಲಿ ನಗು.) ನಗಬೇಡಿ, ಕನ್ನಡದ ಆರು ಮತ್ತು ಒಂಬತ್ತನ್ನು ಬಸ್ಸಿನ ಬೋರ್ಡಿನಲ್ಲಿ ತಪ್ಪು ಓದಿದವರು ಇಲ್ಲೇ ಇದ್ದೀರಿ. ಇಡೀ ಕಾಗದ ಬಂಗಾಳಿ ಅಂಕಿಯಲ್ಲಿದ್ದರೆ ಬಂಗಾಳಿಗಳು ತಪ್ಪು ಮಾಡೋದಿಲ್ಲ. ಕಷ್ಟ ಬರೋದು ಬೆರೆಸಿದಾಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ನೋಟೀಸು ಮಾಡಿದೆ. ಮೊತ್ತಗಳೆಲ್ಲ ಇಂಗ್ಲಿಷ್ ಅಂಕಿಯಲ್ಲಿ, ಯಾಕೆಂದರೆ ಕೋಷ್ಟಕವನ್ನು ಮೂಲದಿಂದ ಹಾಗೇ ಎತ್ತಿ ಅಂಟಿಸಿದ್ದೆ. ತಾರೀಕುಗಳು ಬಂಗಾಳಿ ಅಂಕಿಯಲ್ಲಿ. ಕೊನೆಯ ದಿನ 4. ಆಸನ್‌ಸೋಲ್ ಕಡೆಯ ಒಬ್ಬ ಗುತ್ತಿಗೆದಾರರು, ಮನೆಮಾತು ಹಿಂದಿ, ಬಂಗಾಳಿ ಚೆನ್ನಾಗಿ ಮಾತಾಡ್ತಾರೆ, ಓದೋದು ಅಷ್ಟಕ್ಕಷ್ಟೆ. ಅವರು 8 ಅಂತ ಓದಿ ಏಳನೇ ತಾರೀಕು ಬಂದರು. ಒಂದು ದಿನ ಮುಂಚೆಯೇ ಬಂದೆ ಅಂತ ಖುಷಿಯಾಗಿದ್ದರು. ಕಚೇರಿಯವರು ನನ್ನನ್ನು ಏನೂ ಕೇಳಲಿಲ್ಲ. ಕಾಗದದಲ್ಲಿ ನಾಲ್ಕೇ ಇತ್ತಲ್ಲ.

ಅವತ್ತಿನಿಂದ ಒಂದು ಕಾಗದದಲ್ಲಿ ಒಂದೇ ಬಗೆಯ ಅಂಕಿ. ಮುಖ್ಯ ತಾರೀಕನ್ನು ಅಕ್ಷರದಲ್ಲೂ ಬರೆಯೋದು. ಇದರಲ್ಲೂ ಎಚ್ಚರ ಬೇಕು. ಬಂಗಾಳಿಯ ಎಣಿಕೆ ನಮ್ಮ ಹಾಗೆ ಇಪ್ಪತ್ತು-ಒಂದು, ಇಪ್ಪತ್ತು-ಎರಡು ಅಂತ ಸಲೀಸಾಗಿ ಹೋಗೋದಿಲ್ಲ. ನೂರರವರೆಗೆ ಹೆಚ್ಚುಕಮ್ಮಿ ಪ್ರತಿಯೊಂದನ್ನೂ ಬಾಯಿಪಾಠ ಮಾಡಬೇಕು. 35 ಪೊಂಯ್‌ತ್ರಿಶ್, 45 ಪೊಂಯ್‌ತಾಲ್ಲಿಶ್. ಫೋನಿನಲ್ಲಿ ಓದಿ ಹೇಳಿ ಪ್ರೂಫ್ ನೋಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ತಿಂಗಳನ್ನು ಯಾವತ್ತೂ ಅಂಕಿಯಲ್ಲಿ ಬರೆಯಬೇಡಿ, ಹೆಸರು ಬರೆಯಿರಿ. ಬಂಗಾಳಿ ಪಂಚಾಂಗದ ತಾರೀಕನ್ನು ಸೊಗಸಿಗೆ ಸೇರಿಸುವ ಆಸೆ ಬರುತ್ತೆ, ಅದನ್ನೂ ತಡೆದುಕೊಳ್ಳಿ. ಬಾಂಗ್ಲಾದೇಶದಲ್ಲಿ ಬೈಶಾಖದ ಮೊದಲ ದಿನ ಏಪ್ರಿಲ್ 14 ಅಂತ ಗೊತ್ತು ಮಾಡಿದ್ದಾರೆ. ಪಶ್ಚಿಮ ಬಂಗಾಳದಲ್ಲಿ ಅದು ಸಾಮಾನ್ಯವಾಗಿ 15. ಒಂದೇ ಭಾಷೆಯ ಎರಡು ಪಂಚಾಂಗದ ನಡುವೆ ಟೆಂಡರ್ ತೂಗುಹಾಕಬಾರದು.

ಗಂಟೆಯದು ಹೀಗೆ. 14:00 ಅಂದರೆ "ದುಪುರ್ ದುಟೋ", ಮಧ್ಯಾಹ್ನ ಎರಡು. ಸರಿ. "ರಾತ್ ಬಾರೋಟಾ", ರಾತ್ರಿ ಹನ್ನೆರಡು ಅಂತ ಬರೆದರೆ ಮಾತ್ರ ಯಾವ ದಿನದ ರಾತ್ರಿ ಅನ್ನುವ ಪ್ರಶ್ನೆ ಏಳುತ್ತೆ. ಮೂಲದಲ್ಲೇ ಹಾಗಿದ್ದರೆ 23:59 ಮಾಡಬಹುದಾ ಅಂತ ಕಚೇರಿಗೆ ಬರೆದು ಕೇಳಿ.

ಇಷ್ಟೆಲ್ಲ ಆದ ಮೇಲೆ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ? ಏಜೆನ್ಸಿಗಳು ಮಾಡಿಸೋದು ಮರು ಅನುವಾದ. ಬಂಗಾಳಿಯನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಂದು ಮೂಲದ ಪಕ್ಕ ಇಡೋದು. ಬಿಟ್ಟುಹೋದ ಪದ ಅದರಲ್ಲಿ ಸಿಗುತ್ತೆ. ಎರಡು ಅರ್ಥದ ಪದ ಸಿಗೋದಿಲ್ಲ. "ಬೈ 30" "ಮೊಧ್ಯೆ" ಆಯಿತು, "ಮೊಧ್ಯೆ" ಮತ್ತೆ "ಬೈ 30" ಆಯಿತು. ಎರಡು ಕಾಗದವೂ ಒಂದೇ, ಎಲ್ಲರಿಗೂ ಸಮಾಧಾನ. ಗೊಂದಲ ಮಾತ್ರ ಎರಡು ಸಲ ಪ್ರಯಾಣ ಮಾಡಿ ಹಾಗೇ ವಾಪಸು ಬಂದಿರುತ್ತೆ.

ನಾನು ಮಾಡೋದು ಬೇರೆ. ಅನುವಾದ ಶುರು ಮಾಡುವ ಮುಂಚೆ ಮೂಲದಿಂದ ಗೆರೆಗಳನ್ನು ಮಾತ್ರ ಒಂದು ಹಾಳೆಗೆ ಇಳಿಸ್ತೀನಿ. ಎಲ್ಲಿಂದ, ಎಲ್ಲಿಗೆ, ಕೊನೆ ಸೇರಿತಾ, ಯಾವುದಕ್ಕೆ ಕಟ್ಟಿದ್ದು. ಆಮೇಲೆ ಪ್ರತಿ ಗೆರೆಯ ಮೇಲೆ ಒಬ್ಬ ಗುತ್ತಿಗೆದಾರನನ್ನು ನಿಲ್ಲಿಸ್ತೀನಿ. ಒಬ್ಬ 2018ರ ಮೇ 31ಕ್ಕೆ ಕೆಲಸ ಮುಗಿಸಿದವನು. ಇನ್ನೊಬ್ಬ ಮಾರನೇ ದಿನ ಮುಗಿಸಿದವನು. ಒಬ್ಬನ ಕೆಲಸ ಸರಿಯಾಗಿ 16 ಲಕ್ಷದ್ದು. ಒಬ್ಬನ ವಹಿವಾಟು ಆಗಲೇ ಹೇಳಿದ 5, 9, 22. ಒಬ್ಬ ಜೂನ್ 30ರಂದು ಒಂದೂ ಐವತ್ತೈದಕ್ಕೆ ಬಿಡ್ ಹಾಕ್ತಾನೆ, ಇನ್ನೊಬ್ಬ ಎರಡೂ ಐದಕ್ಕೆ. ಒಬ್ಬನ ಗ್ಯಾರಂಟಿ ಡಿಸೆಂಬರ್ 11ಕ್ಕೆ ಮುಗಿಯುತ್ತೆ.

ಈ ಏಳು ಜನರನ್ನು, ಇಂಗ್ಲಿಷ್ ಕಾಗದ ನೋಡದ ಒಬ್ಬ ಬಂಗಾಳಿ ಓದುಗರ ಮುಂದೆ ಇಡೋದು. ಸಿಕ್ಕರೆ ಗುತ್ತಿಗೆದಾರರ ಲೆಕ್ಕ ಬರೆಯುವವರನ್ನೇ ಹಿಡೀತೀನಿ. ಯಾರು ಒಳಗೆ, ಯಾರು ಹೊರಗೆ? ಅಷ್ಟೇ ಪ್ರಶ್ನೆ. ಇಂಗ್ಲಿಷ್ ಪಾಠದ ಉತ್ತರ ಟೆಂಡರ್ ಕರೆದ ಎಂಜಿನಿಯರ್ ಕೊಡಬೇಕು, ನಾನಲ್ಲ. ಸರಿ ಉತ್ತರ ಹೀಗೆ: ಮೊದಲನೆಯವನು ಹೊರಗೆ, ಎರಡು, ಮೂರು, ನಾಲ್ಕು, ಐದು ಒಳಗೆ, ಆರು ಮತ್ತು ಏಳು ಹೊರಗೆ. ಓದುಗರು ತಪ್ಪು ಹೇಳಿದರೆ ಸಾಲು ಬದಲಿಸ್ತೀನಿ. ಸರಿ ಹೇಳಿದರೂ "ಬಹುಶಃ" ಅಂದರೆ, ಆಗಲೂ ಬದಲಿಸ್ತೀನಿ. ತಮಾಷೆ ಏನೆಂದರೆ ಕೆಲವು ಸಲ ಎಂಜಿನಿಯರೇ ತಡವರಿಸ್ತಾರೆ. ಆಗ ಗೊಂದಲ ಇರೋದು ಮೂಲದಲ್ಲೇ. ಅದನ್ನು ನಾನು ಬಂಗಾಳಿಯಲ್ಲಿ ಜಾಣತನದಿಂದ ಸರಿ ಮಾಡಬಾರದು, ಅವರಿಂದ ಮೂಲವನ್ನೇ ತಿದ್ದಿಸಬೇಕು. ಇದಕ್ಕೆ ಎರಡು ದಿನ ಹೋಗುತ್ತೆ. ಆ ಎರಡು ದಿನದ ದುಡ್ಡು ಯಾರೂ ಕೊಡೋದಿಲ್ಲ.

ಕೊನೆಗೆ ಒಬ್ಬರು ಒಳ್ಳೇ ಪ್ರಶ್ನೆ ಕೇಳಿದರು. ಕೊನೆಯ ದಿನವನ್ನು ಮುಂದೂಡಿ ತಿದ್ದುಪಡಿ ಬಂದರೆ ಏನು ಮಾಡ್ತೀರಿ, ಒಂದು ತಾರೀಕು ಬದಲಿಸಿದರೆ ಆಯಿತಲ್ಲ ಅಂತ.

ಆಗೋದಿಲ್ಲ. ಜೂನ್ 30 ಹೋಗಿ ಜುಲೈ 7 ಬಂತು ಅಂದುಕೊಳ್ಳಿ. ನಮ್ಮ ಮಾದರಿಯಲ್ಲಿ ಅನುಭವದ ಕಿಟಕಿಯನ್ನು ಕಟ್ಟಿರೋದು ಟೆಂಡರ್ ಕರೆದ ತಿಂಗಳಿಗೆ. ಕರೆದದ್ದು ಜೂನಿನಲ್ಲೇ, ಆದ್ದರಿಂದ ಮೇ 31 ಕದಲೋದಿಲ್ಲ. ಬೇರೆ ಕೆಲವು ಟೆಂಡರುಗಳಲ್ಲಿ ಕಿಟಕಿಯನ್ನು ಬಿಡ್ ಸಲ್ಲಿಸುವ ಕೊನೆಯ ದಿನಕ್ಕೆ ಕಟ್ಟಿರ್ತಾರೆ. ಅಲ್ಲಿ ತಿದ್ದುಪಡಿ ಬೇರೇನೂ ಹೇಳದಿದ್ದರೆ ಕಿಟಕಿಯೂ ಒಂದು ವಾರ ಸರಿಯುತ್ತೆ. ಗ್ಯಾರಂಟಿಯ ತಾರೀಕಂತೂ ನಮ್ಮ ಮಾದರಿಯಲ್ಲೂ ಓಡುತ್ತೆ. ಡಿಸೆಂಬರ್ 12 ಇದ್ದದ್ದು ಡಿಸೆಂಬರ್ 19 ಆಗುತ್ತೆ. ಮುಂಚೆಯೇ ಬ್ಯಾಂಕಿಗೆ ಹೋಗಿ ಬಂದವನು ಮತ್ತೆ ಹೋಗಬೇಕು, ಮತ್ತು ಅದನ್ನು ಬಂಗಾಳಿ ತಿದ್ದುಪಡಿಯಲ್ಲಿ ಅವನಿಗೆ ಹೇಳಿರಬೇಕು. ಎರಡು ಸಾಲಿನ ತಿದ್ದುಪಡಿ ಬಂದಾಗಲೂ ನಾನು ಆ ಹಾಳೆ ತೆಗೆದು, ಏಳೂ ಜನರನ್ನು ಮತ್ತೆ ಸಾಲಾಗಿ ನಿಲ್ಲಿಸೋದು ಅದಕ್ಕೇ. ಏಜೆನ್ಸಿ ಮಾತ್ರ ಎರಡು ಸಾಲಿನ ಬಿಲ್ಲೇ ಮಾಡುತ್ತೆ.